ಖಲಂದರ ಸಾಹೇಬರನ್ನು ಕೇಳಿದ್ದು

ನನ್ನ ತಮ್ಮ ಮಲ್ಲೇಶಪ್ಪ ಬಿ.ಎಸ್ಸಿ. ಪಾಸಾದ. ಅವನ ಬಾಯಿ ಮಾತ್ರ ಇನ್ನೂ ಪಾಸಾಗಿರಲಿಲ್ಲ. ಊಟಕ್ಕೆ ಕೂತಾಗ ಉಪ್ಪು ಬೇಕಿದ್ದರೂ ಕೇಳುವವನಲ್ಲ, ಅವ್ವ ತಾನಾಗಿ ನೋಡಿ ಹಾಕಿದರೆ ಉಂಟು, ಇಲ್ಲವಾದರೆ ಸಪ್ಪನೆಯದನ್ನೇ ಉಂಡು ಏಳುತ್ತಿದ್ದ. ಇಂಥವನು ಒಬ್ಬ ಪ್ರೊಫೆಸರರ ಮುಂದೆ ಹೋಗಿ, ನನಗೆ ಮುಂಬಯಿಯ ನಿಮ್ಮ ಗುರುತಿನವರ ಪರಿಚಯ ಮಾಡಿಸಿಕೊಡಿ ಎಂದು ಕೇಳಬೇಕಾಗಿ ಬಂತು. ಅದು ನಲವತ್ನಾಲ್ಕನೇ ಇಸವಿಯ ಬೇಸಿಗೆ, ಯುದ್ಧ ಇನ್ನೂ ನಡೆದಿತ್ತು.

ನಮ್ಮ ತವರು ಹಿರೇಕೆರೂರು. ಅಪ್ಪ ಕರಿಬಸಪ್ಪ ಹತ್ತಿಯ ದಲಾಲಿ ಅಂಗಡಿ ಇಟ್ಟವರು. ನನ್ನನ್ನು ಕೊಟ್ಟದ್ದು ಸವಣೂರಿಗೆ, ಅಂದರೆ ನವಾಬರ ಸೀಮೆಗೆ. ಮಲ್ಲೇಶಿ ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಪಾಸಾದ ಮೇಲೂ ಒಂದು ವರ್ಷ ತನ್ನ ಪ್ರೊಫೆಸರರ ಪ್ರಯೋಗಶಾಲೆಯಲ್ಲೇ ಉಳಿದಿದ್ದ. ಅಲ್ಲಿ ಅವನು ಮಾಡುತ್ತಿದ್ದುದು ಏನೆಂದರೆ, ಮಣ್ಣು ಬೇಯಿಸುವುದು! ಅಪ್ಪ ಯಾರಿಗೂ ಅದನ್ನು ಹೇಳುತ್ತಿರಲಿಲ್ಲ. ಮಗನನ್ನು ಧಾರವಾಡಕ್ಕೆ ಕಳಿಸಿದ್ದು ಮಣ್ಣು ಬೇಯಿಸಲಿಕ್ಕೋ ಎಂದು ಪೇಟೆಯವರು ನಗುತ್ತಾರೆಂಬ ಅಂಜಿಕೆ.

ಆದರೆ ಅದರಲ್ಲಿ ಹುರುಳಿತ್ತು. ಸೇಂಗಾ ಎಣ್ಣೆ ಗಾಣದಿಂದ ಬಂದಾಗ ಕಂದಾಗಿರುತ್ತದೆ. ಅದನ್ನು ತಿಳಿ ಮಾಡಲು ದೊಡ್ಡ ಕಾರಖಾನೆಯವರು ಒಂದು ಜಾತಿಯ ಮಣ್ಣನ್ನು ಬಿಸಿ ಎಣ್ಣೆಯಲ್ಲಿ ಕಲಸಿ ಸೋಸುತ್ತಾರೆ. ಬಣ್ಣವನ್ನೆಲ್ಲ ಮಣ್ಣು ಹೀರಿಕೊಳ್ಳುತ್ತದೆ. ಆ ಮಣ್ಣು ಹಡಗಿನಲ್ಲಿ ಬರುತ್ತಿತ್ತು, ಯುದ್ಧ ಶುರುವಾದ ಮೇಲೆ ಬರುವುದು ಕಷ್ಟವಾಯಿತು. ಮಲ್ಲೇಶಿ ತಡಸದ ಕಡೆಯ ಒಂದು ಹಳ್ಳದಿಂದ ಬಿಳಿ ಜೇಡಿಮಣ್ಣು ತಂದು, ಗಂಧಕದ ಆಮ್ಲದಲ್ಲಿ ಕುದಿಸಿ, ತೊಳೆದು, ಒಣಗಿಸಿ, ಅದರಿಂದ ಎಣ್ಣೆ ತಿಳಿಯಾಗುತ್ತದೋ ಇಲ್ಲವೋ ಎಂದು ನೋಡುತ್ತಿದ್ದ.

ಆ ಹೊತ್ತಿಗೆ ಮುಂಬಯಿಯ ಒಂದು ಎಣ್ಣೆ ಕಾರಖಾನೆಯವರು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಅವರ ಪ್ರಯೋಗಶಾಲೆಗೆ ಒಬ್ಬ ರಿಸರ್ಚ್ ಅಸಿಸ್ಟಂಟ್ ಬೇಕು, ಮೇ ತಿಂಗಳ ಕೊನೆಯೊಳಗೆ ಅರ್ಜಿ ಹಾಕಬೇಕು. ಮಲ್ಲೇಶಿ ಅದಕ್ಕೂ ಮೊದಲು ಬೇರೆ ಎರಡು ಕಡೆ ಅರ್ಜಿ ಹಾಕಿ, ಅತ್ತಲಿಂದ ಹೂಂ ಇಲ್ಲ ಉಹೂಂ ಇಲ್ಲದೆ ಕಾದು ಕೂತಿದ್ದ. ಮುಂಬಯಿಯಲ್ಲಿದ್ದ ಅವನ ಗೆಳೆಯ ಬರೆದಿದ್ದ: ಅರ್ಜಿಗಳು ಇಲ್ಲಿ ರಾಶಿ ಬೀಳುತ್ತವೆ, ನಿನ್ನ ಕೆಲಸ ಕಂಡವರು ಯಾರಾದರೂ ಕಾರಖಾನೆಯವರಿಗೆ ಗುರುತಿದ್ದರೆ ಅವರಿಂದ ಎರಡು ಮಾತು ಬರೆಸು, ಆಗ ಓದಿಯಾದರೂ ನೋಡುತ್ತಾರೆ.

ಅಂಥವರು ಇದ್ದರು. ಅವನ ಪ್ರೊಫೆಸರ್ ಖಲಂದರ ಸಾಹೇಬರು ಆ ಕಾರಖಾನೆಯ ಮುಖ್ಯ ಕೆಮಿಸ್ಟರ ಜೊತೆ ಓದಿದವರು. ಅದಕ್ಕಿಂತ ಹೆಚ್ಚಾಗಿ ಅವರು ನಮ್ಮ ಸವಣೂರಿನವರೇ, ಎಲೆತೋಟದ ಮನೆತನದವರು. ರಜೆಗೆ ಊರಿಗೆ ಬಂದಿದ್ದರು. ಅವರ ತಾಯಿ ಕುಲಸುಮಬಿ ಮತ್ತು ನಾನು ಹಿತ್ತಿಲ ಗೋಡೆಯ ಮೇಲಿಂದ ಉಪ್ಪಿನಕಾಯಿ ಕೊಟ್ಟು ತೆಗೆದುಕೊಳ್ಳುವಷ್ಟು ಹತ್ತಿರ. ಇಷ್ಟು ಸಲೀಸಾದ ದಾರಿ ಬೇರೆ ಯಾರಿಗಾದರೂ ಸಿಕ್ಕಿದ್ದರೆ ಓಡಿ ಹೋಗುತ್ತಿದ್ದರು. ನನ್ನ ತಮ್ಮ ಓಡಲಿಲ್ಲ. ಅಪ್ಪನಿಗೆ ಹೇಳಿದ.

ಅಪ್ಪನ ಲೆಕ್ಕದಲ್ಲಿ ದೊಡ್ಡ ವಿಷಯವನ್ನು ಹುಡುಗರು ಕೇಳುವುದು ಸಲ್ಲದು. ಹೆಣ್ಣು ಕೇಳುವುದಿರಲಿ, ಹೊಲ ಕೇಳುವುದಿರಲಿ, ಹಿರಿಯರು ಕೂಡಿ ಹೋಗಬೇಕು, ಎಲೆ ಅಡಿಕೆಯ ತಾಟು ಮುಂದಿಡಬೇಕು. ಎದುರಿನವರು ತಾಟಿನಿಂದ ವೀಳ್ಯ ಎತ್ತಿಕೊಂಡರೆ ಮಾತು ಕೊಟ್ಟಂತೆ, ಆಮೇಲೆ ತಿರುಗಿಸುವ ಹಾಗಿಲ್ಲ. "ಹಿರೇರು ಹೋದ ಮ್ಯಾಲೆ ಯಾವ ಮನಶ್ಯಾ ಇಲ್ಲ ಅಂತಾನ?" ಎಂದು ನಮ್ಮ ದೊಡ್ಡಪ್ಪ ಅಜ್ಜಪ್ಪನೂ ಕೂಡಿಕೊಂಡ. ಕೆಲಸವಾಗದಿದ್ದರೆ ಎಂಬುದಕ್ಕೂ ಅಪ್ಪ ತಯಾರಿ ಮಾಡಿದ್ದರು: ಮಾಮಲೇದಾರ ಕಚೇರಿಯಲ್ಲಿ ಕಾರಕೂನಿಕೆ, ಜೂನಿನಿಂದ. ಅದಕ್ಕೆ ಕೂತರೆ ಮಲ್ಲೇಶಿ ಇನ್ನು ಗಾಜಿನ ಬುಡ್ಡಿ ಮುಟ್ಟುವಂತಿರಲಿಲ್ಲ. ಆ ಮಾತು ಬಂದಾಗಲೆಲ್ಲ ಅವನ ಮುಖ ನೋಡಲು ನನಗೆ ಸಂಕಟವಾಗುತ್ತಿತ್ತು.

ಹಿರೇಕೆರೂರಿನಿಂದ ಹಾವೇರಿಗೆ, ಹಾವೇರಿಯಿಂದ ಸವಣೂರಿಗೆ, ಪೆಟ್ರೋಲ್ ಸಿಗದ ಕಾಲದ ಇದ್ದಲ ಗ್ಯಾಸಿನ ಬಸ್ಸಿನಲ್ಲಿ ಮಸಿ ಹಿಡಿಸಿಕೊಂಡು, ಮಲ್ಲೇಶಿಯನ್ನೂ ಕರೆದುಕೊಂಡು ಹಿರಿಯರ ಹಿಂಡು ನಮ್ಮ ಮನೆಯಲ್ಲಿ ಇಳಿಯಿತು. ರುಮಾಲು ಸರಿಮಾಡಿಕೊಂಡು ಅಜ್ಜಪ್ಪ ದೊಡ್ಡಪ್ಪ ಒಂದು ಬುಟ್ಟಿ ಬಿಚ್ಚಿ ತೋರಿಸಿದ. ಒಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ.

"ಹಿರೇಕೆರೂರ ಸಂತ್ಯಾಗ ಇದಕ್ಕಿಂತ ಚಲೋ ಎಲಿ ಇಲ್ಲ, ನೋಡವಾ."

ನನಗೆ ನಗೆ ತಡೆಯಲಿಲ್ಲ. "ದೊಡ್ಡಪ್ಪಾ, ಇವು ಸವಣೂರ ಎಲೀನ. ಖಲಂದರ ಸಾಹೇಬ್ರ ಅಣ್ಣನ ತೋಟದಿಂದನ ನಿಮ್ಮ ಸಂತಿಗೆ ಹೊಕ್ಕಾವ. ಅವರ ಎಲಿ ಅವರಿಗೇ ಕೊಡಾಕ ಬಂದೀರಿ?"

"ಹಾಂ, ಮತ್ತ ಬರಿಗೈಲೆ ಹೋಗೂದೇನು?" ಎಂದು ದೊಡ್ಡಪ್ಪ ಬುಟ್ಟಿ ಮುಚ್ಚಿದ.

ನಾನು ಹಿಂದಿನ ಬಾಗಿಲಿನಿಂದ ಹೋಗಿ ಕುಲಸುಮಬಿಯ ಪಕ್ಕ ಕೂತೆ. ಪಡಸಾಲೆಗೂ ಒಳಮನೆಗೂ ನಡುವೆ ಒಂದು ಪರದೆ, ಅಷ್ಟೇ. ಖಲಂದರ ಸಾಹೇಬರು ತೆಳ್ಳಗೆ, ಎತ್ತರಕ್ಕೆ ಇದ್ದರು. ಎಲ್ಲರಿಗೂ ಚಾಪೆ ಹಾಸಿಸಿ, ಶರಬತ್ತು ತರಿಸಿ, ತಾವೂ ಎದುರಿಗೆ ಕೂತರು. ಆಮೇಲೆ ನಮ್ಮವರು ಮಾತಿಗೆ ಶುರುಮಾಡಿದರು. ಮಳೆ ಯಾವಾಗ ಹಿಡಿಯುತ್ತದೆ, ಹತ್ತಿ ಏನಾಯಿತು, ಸೀಮೆಎಣ್ಣೆ ಯಾಕೆ ಸಿಗುವುದಿಲ್ಲ, ಜಪಾನಿನವರು ಎಲ್ಲಿತನಕ ಬಂದರು. ಕೇಳಬೇಕಾದ ಮಾತಿನ ಸುತ್ತ ಪ್ರದಕ್ಷಿಣೆ ಹಾಕಿದರೇ ಹೊರತು ಗರ್ಭಗುಡಿಗೆ ಒಬ್ಬರೂ ಹೋಗಲಿಲ್ಲ. ಮಲ್ಲೇಶಿ ಎಲ್ಲರ ಹಿಂದೆ, ಕಂಬಕ್ಕೆ ಅಂಟಿಕೊಂಡು ಕೂತಿದ್ದ.

ಕೊನೆಗೆ ಅಜ್ಜಪ್ಪ ದೊಡ್ಡಪ್ಪ ತಾಟು ಮುಂದೆ ಸರಿಸಿದ. "ಸಾಹೇಬ್ರ, ನಮ್ಮ ಹುಡುಗನ್ನ ನಿಮ್ಮ ಉಡಿಯಾಗ ಹಾಕೇವ್ರಿ. ಮುಂಬೈದಾಗ ಅವಗ ಕೆಲಸಾ ಕೊಡಸೂ ಭಾರ ನಿಮ್ಮದು. ವೀಳ್ಯ ತಗೋರಿ."

ಸಾಹೇಬರು ತಾಟನ್ನು ನೋಡಿದರು. ಕೈ ಚಾಚಲಿಲ್ಲ.

"ಯಜಮಾನ್ರ, ನಾನು ಈ ಸೀಮಿಯಾಂವನ ಅದೇನಿ. ಇದನ್ನ ಎತ್ತಿದ್ರ ಮಾತು ಕೊಟ್ಟಂಗ ಆಕ್ಕೈತಿ ಅನ್ನೂದು ನನಗೂ ಗೊತ್ತೈತಿ. ಕೆಲಸಾ ಕೊಡೂದು ನನ್ನ ಕೈಯಾಗ ಇಲ್ರಿ. ಇಲ್ಲದ್ದನ್ನ ಹೆಂಗ ಮಾತು ಕೊಡ್ಲಿ?"

ಸಾಹೇಬರು ಕಂಬದ ಕಡೆ ತಿರುಗಿ, "ಮಲ್ಲೇಶಪ್ಪ, ನಿನಗೇನು ಬೇಕಪ್ಪ? ನೀ ಹೇಳು," ಎಂದರು.

ಮಲ್ಲೇಶಿ ಬಾಯಿ ತೆರೆದ. ತೆರೆದ ಬಾಯಿ ತೆರೆದೇ ಇತ್ತು. ಅಷ್ಟರಲ್ಲಿ ಅಪ್ಪ, "ಹಿರೇರು ಕುಂತಲ್ಲೆ ಅವನೇನು ಹೇಳ್ತಾನ್ರಿ," ಎಂದು ಮಾತು ಕಸಿದುಕೊಂಡರು. ಪರದೆಯ ಹಿಂದೆ ನಾನು ಹಲ್ಲು ಕಡಿದ ಸಪ್ಪಳ ಕುಲಸುಮಬಿಗೂ ಕೇಳಿರಬೇಕು. ನನ್ನ ಮೊಣಕೈ ಹಿಡಿದು ಕೂರಿಸಿದರು.

ಮುಟ್ಟದ ತಾಟನ್ನು ಎತ್ತಿಕೊಂಡು ನಮ್ಮವರು ಎದ್ದುಬಂದರು. ಅಪ್ಪನ ಮುಖ ಕೆಂಡವಾಗಿತ್ತು. "ಊರ ಹಿರೇರನ್ನ ಕರ್ಕೊಂಡು ಹೋಗಿ ಮಾರಿ ಕೆಡಿಸ್ಕೊಂಡ್ವಿ. ಸಾಕು. ಜೂನಿಗೆ ಕಚೇರಿ."

ಅಪ್ಪನಿಗೆ ಆದ ಅವಮಾನ ನನಗೂ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಹತ್ತಿಪೇಟೆಯಲ್ಲಿ ಅಪ್ಪನ ಮಾತಿಗೆ ಯಾರೂ ಇಲ್ಲವೆನ್ನುತ್ತಿರಲಿಲ್ಲ. ಆದರೆ ಸಾಹೇಬರು ತಪ್ಪು ಹೇಳಿದ್ದರೇ? ಬೇರೆ ಯಾರಾದರೂ ಆಗಿದ್ದರೆ ವೀಳ್ಯ ಎತ್ತಿ ಬಾಯಿಗೆ ಹಾಕಿಕೊಂಡು, ನೋಡೋಣ ನೋಡೋಣ ಎಂದು ಕಳಿಸುತ್ತಿದ್ದರು. ನಾವು ದೀಪಾವಳಿತನಕ ಹಾದಿ ಕಾಯುತ್ತಿದ್ದೆವು. ಮಾತಿಗೆ ಬೆಲೆ ಇದೆ ಎಂದು ತಿಳಿದವರು ಮಾತ್ರ ಆ ತಾಟನ್ನು ಮುಟ್ಟದೆ ಬಿಡುತ್ತಾರೆ.

"ಅಪ್ಪಾ, ಹುಡುಗ ಬಿಸಲಾಗ ಬಾಡ್ಯಾನ. ಒಂದೆರಡು ದಿನಾ ಇಲ್ಲೇ ಇಟ್ಕೋತೇನಿ," ಎಂದೆ. ಅಪ್ಪನಿಗೂ ಅವನ ಮುಖ ನೋಡುವುದು ಬೇಕಿರಲಿಲ್ಲ. ಬಿಟ್ಟು ಹೋದರು.

ಬಸ್ಸು ಹೋದ ಧೂಳು ಅಡಗುವ ಮೊದಲೇ ನಾನು ಮಲ್ಲೇಶಿಯನ್ನು ಹಿಡಿದೆ.

"ಅತ್ತರ ಅವ್ವ ಹಾಲು ಕುಡಸ್ತಾಳ. ನೀ ಅಳಾಕೂ ಹಿರೇರನ್ನ ಕಳಸ್ತೀ. ಸಾಹೇಬ್ರು ನಿನ್ನ ಕೇಳಿದ್ರಲ್ಲ, ಬಾಯಾಗ ಕಡಬು ಇತ್ತೇನು?"

"ಅಕ್ಕಾ, ನಿನಗ ಗೊತ್ತಿಲ್ಲ."

"ಗೊತ್ತು ಮಾಡ್ಸು."

ಆಗ ಹೊರಬಂತು. ಅವನ ಮಣ್ಣು ಎಣ್ಣೆಯನ್ನು ತಿಳಿ ಮಾಡುತ್ತಿತ್ತು, ಆದರೆ ಸೋಸಿದ ಎಣ್ಣೆಯಲ್ಲಿ ಹುಳಿ ಏರಿಬಿಡುತ್ತಿತ್ತು. ಮಣ್ಣಿನಲ್ಲಿ ಆಮ್ಲ ಉಳಿದರೆ ಹಾಗಾಗುತ್ತದಂತೆ. ಹೆಚ್ಚು ತೊಳೆದು ನೋಡಿದ. ಒಮ್ಮೆ ಸರಿಯಾಯಿತು, ಮತ್ತೊಮ್ಮೆ ಇಲ್ಲ. ವರ್ಷ ಮುಗಿಯಿತು, ಕೆಲಸ ಮುಗಿಯಲಿಲ್ಲ. "ನಾ ಪರಿಚಯ ಮಾಡಸ್ರಿ ಅಂದ್ರ, ಅವರು ಮುಂಬೈದವರಿಗೆ ಅದನ್ನೂ ಬರೀತಾರ. ಅವರು ಸುಳ್ಳ ಬರಿಯೂ ಪೈಕಿ ಅಲ್ಲ. ಹಿರೇರು ಕೇಳಿದ್ರ ಭಿಡೆಕ್ಕರ ಅದನ್ನ ಬಿಟ್ಟಾರು ಅನ್ಕೊಂಡಿದ್ದೆ."

ಅಲ್ಲಿಗೆ ನನಗೆ ಅವನ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಕಂಬಕ್ಕೆ ಅಂಟಿಕೊಂಡಿದ್ದು ಬರೀ ನಾಚಿಕೆಯಲ್ಲ. ಅವನು ಹಿರಿಯರ ರುಮಾಲುಗಳ ಹಿಂದೆ ತನ್ನ ಹುಳಿ ಎಣ್ಣೆಯನ್ನು ಬಚ್ಚಿಟ್ಟಿದ್ದ.

"ಕೇಳದಿದ್ರ ಏನಾಕ್ಕೈತಿ?" ಎಂದೆ.

"ಕಚೇರಿ."

"ಕೇಳಿ ಅವರು ಇಲ್ಲ ಅಂದ್ರ?"

"ಆವಾಗೂ ಕಚೇರಿನ."

"ಮತ್ತ ಕೇಳೂದರಾಗ ಹೋಗೂದೇನೈತಿ, ಮಾರಾಯಾ? ನಾಳೆ ಮುಂಜೇಲೆ ಹೋಗು. ಬರಿಗೈಲೆ ಹೋಗು. ನನ್ನ ಹೆಸರೂ ಹೇಳಬ್ಯಾಡ."

ನನ್ನ ಹೆಸರು ಹೇಳಬೇಡ ಎಂದೆನೇ ಹೊರತು, ನಾನು ಸುಮ್ಮನಿರುವವಳೇ? ಬೆಳಿಗ್ಗೆ ಅವನಿಗಿಂತ ಮೊದಲು ಹಿತ್ತಿಲು ದಾಟಿ, ಕುಲಸುಮಬಿಯ ಕಿವಿಯಲ್ಲಿ, "ನೀವರ ಒಂದು ಮಾತು ಹೇಳ್ರಿ ಅವರಿಗೆ," ಎಂದೆ. ಅವರು ಅಡಿಕೆ ಕತ್ತರಿಸುತ್ತ ನಕ್ಕರು. "ಕಾಲೇಜದ ಮಾತಿನ್ಯಾಗ ನನ್ನ ಮಗ ನನ್ನ ಮಾತೂ ಕೇಳಾಂಗಿಲ್ಲ, ಬೇಟಿ. ನೀ ಬರೇ ಕುಂತು ಕೇಳು."

ಮಲ್ಲೇಶಿ ಬಂದ. ಪಡಸಾಲೆಯಲ್ಲಿ ಇಬ್ಬರೇ.

"ಸರ್, ನಿನ್ನೆ ಹೇಳಬೇಕಾಗಿತ್ರಿ, ಹೇಳಲಿಲ್ಲ," ಎಂದ. ಅಲ್ಲಿಗೆ ನಿಲ್ಲಿಸಲಿಲ್ಲ. "ಮುಂಬೈದ ಕಾರಖಾನ್ಯಾಗ ರಿಸರ್ಚ್ ಅಸಿಸ್ಟಂಟ್ ಜಾಗಾ ಒಂದು ಖಾಲಿ ಐತ್ರಿ. ಅಲ್ಲಿ ಮುಖ್ಯ ಕೆಮಿಸ್ಟರು ನಿಮಗ ಗುರ್ತಿನವರು. ಕೆಲಸಾ ಕೊಡಸ್ರಿ ಅಂತ ನಾ ಕೇಳಂಗಿಲ್ರಿ. ನನ್ನ ಪರಿಚಯ ಮಾಡಿ ಒಂದು ಕಾಗದಾ ಬರದು ಕೊಟ್ರ ಸಾಕು. ನಿಮಗ ಸರಿ ಕಾಣಲಿಲ್ಲಂದ್ರ ಇಲ್ಲ ಅನ್ರಿ, ನಾ ಬ್ಯಾಸರಾ ಮಾಡ್ಕೊಳ್ಳೂದಿಲ್ಲ."

ಉಪ್ಪು ಕೇಳದ ನನ್ನ ತಮ್ಮ! ನನಗೆ ಕಣ್ಣಲ್ಲಿ ನೀರೇ ಬಂತು.

"ಹಾಂ," ಎಂದರು ಸಾಹೇಬರು, "ಇದು ನಾ ಮಾಡಾಕ ಬರೂ ಕೆಲಸ. ಆದ್ರ ನಾ ಕಂಡದ್ದಷ್ಟ ಬರೀತೇನಿ. ಎಣ್ಣಿ ಹುಳಿ ಆದದ್ದು ನಾ ಕಂಡೇನಿ."

"ಅದನ್ನೂ ಬರೀರಿ, ಸರ್."

"ಅಂಜಿಕಿ ಇಲ್ಲೇನು?"

"ಐತ್ರಿ."

ಸಾಹೇಬರು ನಕ್ಕರು. "ಕೇಳು ಇಲ್ಲೆ. ನಾ ಬರೇ ಹೊಗಳಿ ಬರದ್ರ, ಆ ಮನಶ್ಯಾ ಓದಿ ಏನಂತಾನ? ಖಲಂದರನ ಊರ ಹುಡುಗ, ಭಿಡೆಕ್ಕ ಬರದಾನ ಅಂತಾನ. ನನ್ನ ಕಾಗದಾನೂ ಹೋತು, ನೀನೂ ಹೋದಿ. ನಾಳೆ ಮತ್ತೊಬ್ಬ ಹುಡುಗನ ಸಲುವಾಗಿ ನಾ ಬರದ್ರ ನಂಬೂದಿಲ್ಲ. ಎಲ್ಲಿ ಕೆಟ್ಟೈತಿ, ಯಾಕ ಕೆಟ್ಟೈತಿ ಅಂತ ಹುಡುಕ್ಕೋತ ಕುಂತಾಂವ ಅವಗ ಬೇಕಾಗಿರ್ತಾನ. ಅದಕ್ಕ ಅಲ್ಲೇನು ರಿಸರ್ಚ್ ಅನ್ನೂದು?"

ಆಮೇಲೆ ಕೆಲಸ ಹಚ್ಚಿದರು. ಪರಿಚಯದ ಕಾಗದ ಒಂದು ಕಡೆ, ಅರ್ಜಿ ಒಂದು ಕಡೆ. ಜಾಹೀರಾತಿನಲ್ಲಿ ಹೇಳಿದ ವಿಳಾಸಕ್ಕೆ, ಹೇಳಿದ ರೀತಿಯಲ್ಲಿ ಅರ್ಜಿ ಹೋಗಲೇಬೇಕು, ಕಾಗದ ಬಂತೆಂದು ಅದನ್ನು ಬಿಡುವಂತಿಲ್ಲ. ಸಾಹೇಬರ ಕಾಗದದ ಜೊತೆ ಲಗತ್ತಿಸಲು ಮಲ್ಲೇಶಿ ಒಂದು ಹಾಳೆ ಬರೆದು ತರಬೇಕು: ತಾನು ಯಾರು, ಏನು ಮಾಡಿದ, ಎಲ್ಲಿ ನಿಂತಿದೆ, ಏನು ಕೇಳುತ್ತಾನೆ. ಒಂದೇ ಹಾಳೆ, ಹೆಚ್ಚಿಗೆ ಬೇಡ.

ಮಧ್ಯಾಹ್ನ ಅವನು ಬರೆದು ಒಯ್ದದ್ದನ್ನು ಓದಿ ಸಾಹೇಬರು ಹಣೆ ಚಚ್ಚಿಕೊಂಡರು. ಇಂಗ್ಲಿಷಿನಲ್ಲಿ ಅರ್ಧ ಹಾಳೆ ಬರೀ ನಮಸ್ಕಾರ. ದಯಾಸಾಗರರೇ, ತಮ್ಮ ಪಾದಸೇವಕನು ನಡುಗುತ್ತ ಬಿನ್ನವಿಸಿಕೊಳ್ಳುವುದೇನೆಂದರೆ, ಎಂದು ಮಾಮಲೇದಾರ ಕಚೇರಿಯ ಮುಂದೆ ಕೂತು ಅರ್ಜಿ ಬರೆಯುವವರ ಧಾಟಿ.

"ಯಾರ ಪಾದಾ ಹಿಡದಿ ಇಲ್ಲೆ? ಅವರಿಗೆ ನಿನ್ನ ಕೈ ಬೇಕಾಗ್ಯಾವ. ಮಣ್ಣಿಂದ ಶುರು ಮಾಡು," ಎಂದು ಆ ಅರ್ಧವನ್ನು ಹೊಡೆದು ಹಾಕಿದರು. ಪುನಃ ಬರೆದ. ಪುನಃ ಹೊಡೆದರು. ಕೊನೆಗೆ ಉಳಿದದ್ದು ಒಂದು ಹಿಡಿಯಷ್ಟು, ಆದರೆ ಓದಿದವರಿಗೆ ಹಳ್ಳ, ಮಣ್ಣು, ಎಣ್ಣೆ, ಹುಳಿ ಎಲ್ಲ ಕಣ್ಣಿಗೆ ಕಟ್ಟುತ್ತಿತ್ತು.

ಸಾಹೇಬರು ಮುಖ್ಯ ಕೆಮಿಸ್ಟರಿಗೆ ಬರೆದರು. ಬರೆದದ್ದನ್ನು ಮುಚ್ಚುವ ಮೊದಲು ಮಲ್ಲೇಶಿಗೆ ಓದಿ ಹೇಳಿದರು. ಹುಬ್ಬಳ್ಳಿಯ ಎಣ್ಣೆ ಗಿರಣಿಯ ಒಬ್ಬ ಎಂಜಿನಿಯರರ ಹೆಸರನ್ನೂ ಕೊಟ್ಟು, "ಅವರಿಗೂ ಒಂದು ಕಾಗದಾ ಕೊಡ್ತೇನಿ. ಒಂದ ಬಾಗಲಾ ಬಡ್ಕೋತ ಕುಂದ್ರಬ್ಯಾಡ," ಎಂದರು. ಎದ್ದು ಹೊರಡುವಾಗ ಮತ್ತೊಂದು ಮಾತು: "ಕೆಲಸಾ ಆದ್ರೂ, ಆಗದಿದ್ರೂ ಬಂದು ನನಗ ತಿಳಸು. ಕಾಗದಾ ಬರಸ್ಕೊಂಡು ಹೋದವ್ರು ಹೊಳ್ಳಿ ಮಾರಿ ತೋರ್ಸೂದಿಲ್ಲ. ಅದ ನನಗ ಸಿಟ್ಟು."

ಉತ್ತರ ಬರುವತನಕ ನಾನು ಅಂಚೆಯವ ದ್ಯಾಮಪ್ಪನಿಗೆ ದಿನವೂ ಮಜ್ಜಿಗೆ ಕುಡಿಸಿದೆ. ಪಾಪ, ಕಾಗದ ತರುವುದು ಅವನ ಕೈಯಲ್ಲಿದ್ದಂತೆ ಅವನೂ ಸಂಕೋಚದಿಂದ ಕುಡಿಯುತ್ತಿದ್ದ. ಅಪ್ಪನಿಂದ ಎರಡು ಸಲ ಹೇಳಿಕೆ ಬಂತು, ಹುಡುಗನ್ನ ಕಳಿಸು, ಕಚೇರಿಗೆ ಮುಖ ತೋರಿಸಬೇಕು ಎಂದು. ನಾನು ಒಮ್ಮೆ ಅವನಿಗೆ ಜ್ವರ ಬರಿಸಿದೆ, ಒಮ್ಮೆ ನನ್ನ ಅತ್ತೆಗೆ.

ಜೂನಿನ ಮೊದಲ ಮಳೆಯ ದಿನ ಸಾಹೇಬರೇ ನಮ್ಮ ಕಟ್ಟೆಗೆ ಬಂದರು, ಕೈಯಲ್ಲಿ ಮುಂಬಯಿಯ ಕಾಗದ. ನಿಂತಲ್ಲೇ ಕನ್ನಡದಲ್ಲಿ ಓದಿ ಹೇಳಿದರು. ಹುಳಿಯ ತೊಂದರೆ ನಮಗೂ ಇದೆ. ನಿಮ್ಮ ಹುಡುಗ ಅದನ್ನು ಮುಚ್ಚಿಡದೆ ಬರೆದಿದ್ದಾನೆ, ಅವನನ್ನು ನೋಡಬೇಕು. ಅರ್ಜಿಯೂ ಬಂದಿದೆ. ಆ ಮಣ್ಣಿನ ಒಂದು ಚೀಲ ತೆಗೆದುಕೊಂಡು ಭೇಟಿಗೆ ಬರಲಿ. ಬೇರೆ ಮೂವರನ್ನೂ ಕರೆದಿದ್ದೇವೆ, ನಾನು ಏನೂ ಮಾತು ಕೊಡುವುದಿಲ್ಲ.

ಮಲ್ಲೇಶಿ ಸಾಹೇಬರ ಕೈ ಹಿಡಿದುಕೊಂಡ. ಆಮೇಲೆ ಮನೆಯೊಳಗೆ ಬಂದು, "ಅಕ್ಕಾ, ಇನ್ನ ಅಪ್ಪನ್ನ ಕೇಳಬೇಕಲ್ಲ," ಎಂದ. ನಾನೂ ಜೊತೆಗೆ ಹೊರಟೆ. ಕೇಳುವುದು ಅವನ ಕೆಲಸ, ನೋಡುವುದು ನನ್ನ ಹಕ್ಕು.

ಹಿರೇಕೆರೂರಿಗೆ ಮುಟ್ಟಿದಾಗ ಅಪ್ಪ ಅಂಗಡಿಯ ಗಾದಿಯ ಮೇಲಿದ್ದರು. ಮಲ್ಲೇಶಿ ಎದುರಿಗೆ ಕೂತ. ಕೂತು, ಮೊದಲಿನಿಂದ ಹೇಳಿದ. ಮತ್ತೆ ಸಾಹೇಬರ ಮನೆಗೆ ಹೋಗಿದ್ದನ್ನು, ಕೇಳಿದ್ದನ್ನು, ಕೆಟ್ಟ ಎಣ್ಣೆಯನ್ನು, ಬಂದ ಕಾಗದವನ್ನು. ಅಪ್ಪನ ಮೀಸೆ ಕುಣಿಯುತ್ತಿತ್ತು.

"ನಾ ಬ್ಯಾಡ ಅಂದ ಮ್ಯಾಲೆ ಹ್ವಾದಿ?"

"ಹೋದೆ, ಅಪ್ಪಾ. ಹಿರೇರು ಕೇಳಿದ್ದು ಕೆಲಸಾ. ಅದು ಅವರ ಕಡೆ ಇರಲಿಲ್ಲ. ನಾ ಕೇಳಿದ್ದು ಪರಿಚಯ. ಅದಿತ್ತು, ಕೊಟ್ರು."

"ಈ ಮುಂಬೈದಾಂವ ಕೆಲಸಾ ಕೊಡ್ತೇನಿ ಅಂತ ಮಾತು ಕೊಟ್ಟಾನೇನು?"

"ಇಲ್ಲ."

"ಮಾತ ಇಲ್ಲದಲ್ಲೆ ಅಷ್ಟು ದೂರ ಹೋಗ್ತೀ? ಇಲ್ಲೆ ಕಚೇರ್ಯಾಗ ಕುರ್ಚಿ ಕಾಯಾಕತ್ತೈತಿ. ಅವರು ಬ್ಯಾಡ ಅಂದ್ರ ಏನ್ ಮಾಡಾಂವ?"

ಮಲ್ಲೇಶಿ ತಡವರಿಸಲಿಲ್ಲ.

"ಬ್ಯಾಡ ಅಂದ್ರ ಹುಬ್ಬಳ್ಳ್ಯಾಗ ಒಬ್ರು ಅದಾರ, ಅವರನ್ನ ಕೇಳ್ತೇನಿ. ಅವರೂ ಬ್ಯಾಡ ಅಂದ್ರ, ನಿಮಗ್ಯಾರರ ಗುರ್ತಿನವರು ಅದಾರೇನ್ರಿ ಅಂತ ಅವರನ್ನ ಕೇಳ್ತೇನಿ. ಇಲ್ಲ ಅನಸ್ಕೊಂಡ್ರ ಸಾಯೂದಿಲ್ಲಪ್ಪಾ, ನಾ ನೋಡಿದೆ. ನನಗೀಗ ಕೇಳಾಕ ಬರ್ತೈತಿ."

ಅಪ್ಪ ಅವನನ್ನೇ ನೋಡುತ್ತ ಕೂತರು. ಎಷ್ಟೋ ವರ್ಷ ಮನೆಯಲ್ಲೇ ಇದ್ದ ಮಗನನ್ನು ಹೊಸದಾಗಿ ಯಾರೋ ತಂದು ಕೂರಿಸಿದಂತೆ. ಮೀಸೆಯ ಕುಣಿತ ನಿಂತಿತು. ಒಳಗಿನ ಬಾಗಿಲ ಕಡೆ ತಿರುಗಿ ಅವ್ವನನ್ನು ಕೂಗಿದರು.

"ಏ, ಇವಳ, ಬುತ್ತಿ ಕಟ್ಟು. ಮುಂಬೈ ದೂರೈತಿ, ರೊಟ್ಟಿ ಜಾಸ್ತಿ ಬಡಿ. ಮತ್ತ ಅಜ್ಜಪ್ಪಣ್ಣಗ ಹೇಳಿ ಕಳಸು, ಹುಡುಗನ್ನ ಹಾವೇರಿ ಠೇಶನ್ನಿಗೆ ಬಿಡಾಕ ಬರೂದಾದ್ರ ಬರ್ಲಿ. ಮಾತಾಡೂ ಕೆಲಸಾ ಏನೂ ಇಲ್ಲಂತ ಹೇಳು."